ಮಾದರಿ ಒಂದು ಕಾರ್ಡಿನಲ್ಲಿ ಹಿಡಿಯದಾಗ: ದತ್ತಾಂಶವನ್ನು ಹಂಚಬೇಕೇ, ಮಾದರಿಯನ್ನೇ ಕತ್ತರಿಸಬೇಕೇ?

ಮಂಗಳೂರಿನ ಒಂದು ಸಣ್ಣ ತಂಡ ಕನ್ನಡ, ತುಳು, ಕೊಂಕಣಿ ಪಠ್ಯಗಳ ಮೇಲೆ ಒಂದು ಭಾಷಾ ಮಾದರಿಯನ್ನು ಮೊದಲಿನಿಂದ ತರಬೇತುಗೊಳಿಸಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಕೈಯಲ್ಲಿರುವುದು ಒಂದೇ ಯಂತ್ರ, ಅದರೊಳಗೆ ತಲಾ 24 ಜಿಬಿ ಸ್ಮೃತಿಯ ನಾಲ್ಕು ಜಿಪಿಯು ಕಾರ್ಡುಗಳು. ಕಾರ್ಡುಗಳ ನಡುವೆ ವಿಶೇಷ ಸೇತುವೆಯೇನೂ ಇಲ್ಲ. ಮದರ್‌ಬೋರ್ಡಿನ ಪಿಸಿಐಇ ದಾರಿಯೊಂದೇ. ಮಾದರಿಯಲ್ಲಿ 32 ಪದರಗಳು, ಒಳ ಅಗಲ 2560, ಪದಕೋಶ 1,28,000 ಟೋಕನ್. ಒಟ್ಟು ನಿಯತಾಂಕಗಳು ಸುಮಾರು 300 ಕೋಟಿ. ತರಬೇತಿ ಶುರು ಮಾಡಿದ ತಕ್ಷಣ `CUDA out of memory` ಎಂಬ ಸಾಲು ಬರುತ್ತದೆ. ಇಲ್ಲಿಂದ ಮುಂದೆ ಏನು ಮಾಡಬೇಕು ಎಂಬುದನ್ನು ಈ ಒಂದೇ ಉದಾಹರಣೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಇಂಥ ಹೊತ್ತಿನಲ್ಲಿ ಬಹಳ ಜನ ಮೊದಲು ಕೇಳುವ ಪ್ರಶ್ನೆ "ಮಾದರಿಯನ್ನು ನಾಲ್ಕು ತುಂಡು ಮಾಡುವುದು ಹೇಗೆ?" ಎಂಬುದು. ನನ್ನ ಪ್ರಕಾರ ಅದು ಅವಸರದ ಪ್ರಶ್ನೆ. ಕೇಳಬೇಕಾದದ್ದು ಎರಡು: ಸ್ಮೃತಿಯನ್ನು ನಿಜವಾಗಿ ತುಂಬಿಸುತ್ತಿರುವುದು ಯಾವುದು? ಪ್ರತಿ ವಿಧಾನದಲ್ಲಿ ಕಾರ್ಡಿನಿಂದ ಕಾರ್ಡಿಗೆ ತಂತಿಯ ಮೇಲೆ ಹೋಗುವುದು ಏನು, ಎಷ್ಟು? ಈ ಎರಡಕ್ಕೆ ಕಾಗದದ ಮೇಲೆ ಉತ್ತರ ಬರೆದರೆ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲ ಹೆಜ್ಜೆ: ಸ್ಮೃತಿಯ ಲೆಕ್ಕ

ಆಡಮ್ ಆಪ್ಟಿಮೈಸರ್ ಬಳಸಿ ಮಿಶ್ರ ನಿಖರತೆಯಲ್ಲಿ ತರಬೇತಿ ನಡೆಸುವಾಗ ಒಂದೊಂದು ನಿಯತಾಂಕಕ್ಕೂ 16 ಬೈಟ್ ಬೇಕು. ಲೆಕ್ಕಾಚಾರಕ್ಕೆ ಬಳಸುವ 16 ಬಿಟ್‌ನ ತೂಕಕ್ಕೆ 2, ಅದರ ಗ್ರೇಡಿಯೆಂಟಿಗೆ 2, ಪೂರ್ಣ ನಿಖರತೆಯ ಮೂಲ ಪ್ರತಿಗೆ 4, ಆಡಮ್ ನೆನಪಿಟ್ಟುಕೊಳ್ಳುವ ಎರಡು ಸರಾಸರಿಗಳಿಗೆ 4 ಮತ್ತು 4. 300 ಕೋಟಿಯನ್ನು 16ರಿಂದ ಗುಣಿಸಿದರೆ 48 ಜಿಬಿ. ಗಮನಿಸಿ, ಮಾದರಿಯ ತೂಕವೆಂದು ನಾವು ಮಾತಿನಲ್ಲಿ ಹೇಳುವ ಭಾಗ ಇದರಲ್ಲಿ 6 ಜಿಬಿ ಮಾತ್ರ. ಆ ಆರು ಜಿಬಿ ಒಂದೇ ಕಾರ್ಡಿನಲ್ಲಿ ಆರಾಮವಾಗಿ ಕೂರುತ್ತದೆ. ಕೂರದಿರುವುದು ಅದರ ಜೊತೆಗೆ ಬಂದ ಆಪ್ಟಿಮೈಸರಿನ ಸಂಸಾರ. ಈ ವ್ಯತ್ಯಾಸವೇ ಮುಂದಿನ ಇಡೀ ನಿರ್ಧಾರದ ಬುಡ.

ಇದರ ಮೇಲೆ ಆಕ್ಟಿವೇಶನ್‌ಗಳು, ಅಂದರೆ ಹಿಮ್ಮುಖ ಲೆಕ್ಕಕ್ಕಾಗಿ ಉಳಿಸಿಕೊಳ್ಳುವ ಮಧ್ಯಂತರ ಫಲಿತಾಂಶಗಳು. ಕಾರ್ಡೊಂದಕ್ಕೆ ಒಂದು ಬಾರಿಗೆ 4096 ಟೋಕನ್ ಕೊಟ್ಟರೆ ನಮ್ಮ ಮಾದರಿಯಲ್ಲಿ ಇವು ಹನ್ನೊಂದು ಜಿಬಿಯ ಹತ್ತಿರ ಬರುತ್ತವೆ. ಪ್ರತಿ ಪದರದ ಒಳಬರುವ ಮೌಲ್ಯವನ್ನಷ್ಟೇ ಉಳಿಸಿ, ಉಳಿದದ್ದನ್ನು ಹಿಂದಿರುಗುವಾಗ ಮತ್ತೆ ಲೆಕ್ಕ ಹಾಕಿಕೊಂಡರೆ (ಇದನ್ನು ಆಕ್ಟಿವೇಶನ್ ಚೆಕ್‌ಪಾಯಿಂಟಿಂಗ್ ಎನ್ನುತ್ತಾರೆ) ಅದು ಒಂದು ಜಿಬಿಯ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೆ ತೆರುವ ಬೆಲೆ ಸುಮಾರು ಮೂರನೇ ಒಂದರಷ್ಟು ಹೆಚ್ಚು ಲೆಕ್ಕಾಚಾರ. ನಮ್ಮಂಥ ಯಂತ್ರದಲ್ಲಿ ಆ ಬೆಲೆ ತೆರಲೇಬೇಕು.

ಕೊನೆಯದಾಗಿ ಒಂದು ಹೊಂಚುಗಾರ ಖರ್ಚಿದೆ. ಮಾದರಿಯ ಕೊನೆಯ ಪದರ ಪ್ರತಿ ಟೋಕನ್‌ಗೂ ಇಡೀ ಪದಕೋಶದ ಮೇಲೆ ಅಂಕಗಳನ್ನು ಹೊರಡಿಸುತ್ತದೆ. 4096 ಟೋಕನ್, 1,28,000 ಪದ, ತಲಾ 4 ಬೈಟ್: ಅದೊಂದೇ 2.1 ಜಿಬಿ. ಅದರ 16 ಬಿಟ್ ಪ್ರತಿ, ಅದರ ಗ್ರೇಡಿಯೆಂಟ್ ಎಲ್ಲ ಸೇರಿದರೆ ಐದು ಜಿಬಿ. ಭಾರತೀಯ ಲಿಪಿಗಳಿಗಾಗಿ ಪದಕೋಶವನ್ನು ಹಿಗ್ಗಿಸಿದವರೆಲ್ಲರೂ ಇದನ್ನು ಎದುರಿಸುತ್ತಾರೆ. ಸ್ಮೃತಿ ತುಂಬಿತೆಂದು ಮಾದರಿಯನ್ನು ಕತ್ತರಿಸಲು ಹೋಗುವ ಮೊದಲು ಈ ಸಾಲನ್ನು ಲೆಕ್ಕದಲ್ಲಿ ಬರೆದುಕೊಳ್ಳಿ.

ಎರಡನೇ ಹೆಜ್ಜೆ: ತಂತಿಯನ್ನು ಅಳೆಯುವುದು

ಕಾರ್ಡುಗಳು ಹೇಗೆ ಜೋಡಣೆಯಾಗಿವೆ ಎಂಬುದನ್ನು ಒಂದು ಆದೇಶ ತೋರಿಸುತ್ತದೆ; ನಿಜವಾದ ವೇಗವನ್ನು ಎನ್‌ವಿಡಿಯಾದ `nccl-tests` ಎಂಬ ಉಚಿತ ಪರೀಕ್ಷೆ ಹೇಳುತ್ತದೆ.

```
nvidia-smi topo -m
./build/all_gather_perf -b 64M -e 1G -f 2 -g 4
```

ಮೊದಲನೆಯದರ ಕೋಷ್ಟಕದಲ್ಲಿ `NV` ಎಂದು ಶುರುವಾಗುವ ಅಕ್ಷರಗಳಿದ್ದರೆ ಕಾರ್ಡುಗಳ ನಡುವೆ ಎನ್‌ವಿಲಿಂಕ್ ಸೇತುವೆ ಇದೆ ಎಂದರ್ಥ. `PHB` ಅಥವಾ `SYS` ಇದ್ದರೆ ಮಾಹಿತಿ ಪ್ರೊಸೆಸರ್ ಕಡೆಯಿಂದ ಸುತ್ತಿಕೊಂಡು ಹೋಗುತ್ತದೆ. ಎರಡನೆಯದರಲ್ಲಿ `busbw` ಎಂಬ ಅಂಕಣವನ್ನು ನೋಡಿ, ದೊಡ್ಡ ಗಾತ್ರದ ಸಾಲಿನಲ್ಲಿ ಬಂದ ಸಂಖ್ಯೆಯನ್ನು ಬರೆದುಕೊಳ್ಳಿ. ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗವನ್ನು ನಂಬಬೇಡಿ. ಹದಿನಾರು ಲೇನಿನ ನಾಲ್ಕನೇ ಪೀಳಿಗೆಯ ಪಿಸಿಐಇ ಕಾಗದದ ಮೇಲೆ ಒಂದು ದಿಕ್ಕಿಗೆ ಸೆಕೆಂಡಿಗೆ 32 ಜಿಬಿ ಕೊಡುತ್ತದೆ, ಆದರೆ ನಾಲ್ಕು ಕಾರ್ಡು ಒಟ್ಟಿಗೆ ಮಾತನಾಡುವಾಗ ಅದರ ಸಣ್ಣ ಪಾಲಷ್ಟೇ ಸಿಗುವುದುಂಟು. ನಮ್ಮ ಉದಾಹರಣೆಗೆ ಸೆಕೆಂಡಿಗೆ 10 ಜಿಬಿ ಎಂದು ಇಟ್ಟುಕೊಳ್ಳೋಣ.

ಮೂರನೇ ಹೆಜ್ಜೆ: ದತ್ತಾಂಶ ಹಂಚುವ ದಾರಿಯನ್ನು ಮೊದಲು ಪೂರ್ತಿ ಬಳಸುವುದು

ಸಾದಾ ಡೇಟಾ ಪ್ಯಾರಲಲ್‌ನಲ್ಲಿ ಪ್ರತಿ ಕಾರ್ಡೂ ಇಡೀ ಮಾದರಿಯ ಒಂದೊಂದು ಪ್ರತಿ ಇಟ್ಟುಕೊಂಡು ಬೇರೆ ಬೇರೆ ಪಠ್ಯವನ್ನು ಓದುತ್ತದೆ. ಹೆಜ್ಜೆಯ ಕೊನೆಗೆ ಎಲ್ಲರ ಗ್ರೇಡಿಯೆಂಟ್‌ಗಳ ಸರಾಸರಿ ತೆಗೆಯಲಾಗುತ್ತದೆ. ಇದರಿಂದ ನಮಗೆ ಉಪಯೋಗವಿಲ್ಲ. ನಾಲ್ಕು ಕಾರ್ಡಲ್ಲ, ನಲವತ್ತು ಕಾರ್ಡು ತಂದರೂ ಒಂದೊಂದಕ್ಕೆ 48 ಜಿಬಿ ಬೇಕೇ ಬೇಕು.

ಆದರೆ ಒಂದೇ ಆಪ್ಟಿಮೈಸರ್ ಸ್ಥಿತಿಯನ್ನು ನಾಲ್ಕು ಕಡೆ ಯಥಾವತ್ ಇಟ್ಟುಕೊಳ್ಳುವ ಅಗತ್ಯವಾದರೂ ಏನು? ಜೀರೋ ಎಂಬ ಹೆಸರಿನ ವಿಧಾನ ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ಪೈಟಾರ್ಚ್‌ನಲ್ಲಿ ಅದೇ ವಿಚಾರಕ್ಕೆ ಎಫ್‌ಎಸ್‌ಡಿಪಿ ಎನ್ನುತ್ತಾರೆ. ತೂಕ, ಗ್ರೇಡಿಯೆಂಟ್, ಆಡಮ್‌ನ ಸರಾಸರಿಗಳು ಎಲ್ಲವನ್ನೂ ನಾಲ್ಕು ಪಾಲು ಮಾಡಿ ಪ್ರತಿ ಕಾರ್ಡೂ ತನ್ನ ಪಾಲನ್ನಷ್ಟೇ ಕಾಯುತ್ತದೆ. ಒಂದು ಪದರದ ಲೆಕ್ಕ ಬಂದಾಗ ಆ ಪದರದ ತೂಕವನ್ನು ಮಾತ್ರ ಎಲ್ಲರಿಂದ ಕೂಡಿಸಿಕೊಂಡು, ಲೆಕ್ಕ ಮುಗಿದ ಕೂಡಲೇ ಎಸೆಯುತ್ತದೆ. ಇದು ಇನ್ನೂ ಡೇಟಾ ಪ್ಯಾರಲಲ್ಲೇ: ಪ್ರತಿ ಕಾರ್ಡೂ ಎಲ್ಲ ಪದರಗಳ ಲೆಕ್ಕವನ್ನೂ ತಾನೇ ಮಾಡುತ್ತದೆ, ತನ್ನದೇ ಪಠ್ಯದ ಮೇಲೆ.

ಈಗ ಲೆಕ್ಕ ಬದಲಾಯಿತು. 48 ಜಿಬಿಯ ನಾಲ್ಕನೇ ಒಂದು, 12 ಜಿಬಿ. ಆಕ್ಟಿವೇಶನ್‌ಗೆ ಒಂದು, ಪದಕೋಶದ ಅಂಕಗಳಿಗೆ ಐದು, ಕೂಡಿಸಿಕೊಂಡ ಪದರಗಳಿಗೆ ಒಂದು. ಒಟ್ಟು 19 ಜಿಬಿಯ ಹತ್ತಿರ. 24ರಲ್ಲಿ ಹಿಡಿಯಿತು. ಮಾದರಿಯ ಒಂದು ಸಾಲು ಕೋಡನ್ನೂ ತುಂಡರಿಸಬೇಕಾಗಿ ಬರಲಿಲ್ಲ.

```python
import torch
from torch.distributed.fsdp import fully_shard, MixedPrecisionPolicy

mp = MixedPrecisionPolicy(param_dtype=torch.bfloat16)
for block in model.blocks:
    fully_shard(block, mp_policy=mp)
fully_shard(model, mp_policy=mp)
opt = torch.optim.AdamW(model.parameters(), lr=2e-4)
```

ಇಲ್ಲಿ ಎರಡು ಕಡೆ ಎಡವುವುದು ಸಾಮಾನ್ಯ. ಪದರಗಳನ್ನು ಒಂದೊಂದಾಗಿ ಸುತ್ತುವ `for` ಸಾಲನ್ನು ಬಿಟ್ಟು ಇಡೀ ಮಾದರಿಯನ್ನು ಒಂದೇ ಬಾರಿ ಸುತ್ತಿದರೆ, ಕೂಡಿಸುವ ಕೆಲಸವೂ ಒಂದೇ ಬಾರಿ ನಡೆಯುತ್ತದೆ: ಆರು ಜಿಬಿ ತೂಕ ಒಮ್ಮೆಲೇ ಬಂದು ಕೂರುತ್ತದೆ, ಹಿಂದಿರುಗುವಾಗ ಅಷ್ಟೇ ಗ್ರೇಡಿಯೆಂಟ್ ಅದರ ಜೊತೆ ಸೇರುತ್ತದೆ. ಪಾಲು ಮಾಡಿದರೂ ಸ್ಮೃತಿ ಇಳಿಯಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಈ ಜಾಗವನ್ನು. ಇನ್ನೊಂದು, ಆಪ್ಟಿಮೈಸರನ್ನು ಪಾಲು ಮಾಡುವ ಮೊದಲೇ ಕಟ್ಟುವುದು. ಆಗ ಅದು ಹಳೆಯ, ಪಾಲಾಗದ ನಿಯತಾಂಕಗಳನ್ನು ಹಿಡಿದುಕೊಂಡಿರುತ್ತದೆ. ಮೇಲಿನ ಕ್ರಮದಲ್ಲೇ ಬರೆಯಿರಿ. ಹತ್ತು ಹೆಜ್ಜೆ ಓಡಿಸಿ `torch.cuda.max_memory_allocated()` ಏನು ಹೇಳುತ್ತದೆ ಎಂಬುದನ್ನು ನಿಮ್ಮ ಕಾಗದದ ಲೆಕ್ಕದೊಂದಿಗೆ ಹೋಲಿಸಿ. ಒಂದೆರಡು ಜಿಬಿ ಹೆಚ್ಚು ಕಡಿಮೆಯಾದರೆ ಸರಿ. ಆರೇಳು ಜಿಬಿ ಅಂತರವಿದ್ದರೆ ಎಲ್ಲೋ ಪಾಲಾಗಿಲ್ಲ.

ನಾಲ್ಕನೇ ಹೆಜ್ಜೆ: ಹಿಡಿಯಿತು, ಆದರೆ ಓಡುತ್ತಿದೆಯೇ?

ಪಾಲು ಮಾಡಿದ್ದಕ್ಕೆ ತಂತಿಯ ಮೇಲೆ ಬಾಡಿಗೆ ಕೊಡಬೇಕು. ಮುಂದೆ ಹೋಗುವಾಗ ಇಡೀ 6 ಜಿಬಿ ತೂಕವನ್ನು ಕೂಡಿಸಬೇಕು. ಅದರಲ್ಲಿ ತನ್ನ ಪಾಲು ಬಿಟ್ಟು ಹೊರಗಿನಿಂದ ಬರುವುದು 4.5 ಜಿಬಿ. ಹಿಂದಿರುಗುವಾಗ ಮತ್ತೆ 4.5. ಗ್ರೇಡಿಯೆಂಟ್‌ಗಳನ್ನು ಕೂಡಿಸಿ ಹಂಚಲು ಇನ್ನೊಂದು 4.5. ಹೆಜ್ಜೆಗೆ 13.5 ಜಿಬಿ, ಅಂದರೆ ನಮ್ಮ ತಂತಿಯ ಮೇಲೆ 1.35 ಸೆಕೆಂಡ್.

ಲೆಕ್ಕಾಚಾರಕ್ಕೆ ಎಷ್ಟು ಹೊತ್ತು? ಮರುಲೆಕ್ಕವೂ ಸೇರಿ ಒಂದು ಟೋಕನ್‌ಗೆ ನಿಯತಾಂಕಗಳ ಎಂಟರಷ್ಟು ಗಣಿತ ಕ್ರಿಯೆಗಳು ಬೇಕು, ಅಂದರೆ 2,400 ಕೋಟಿ. ಕಾರ್ಡು ನಿಜವಾಗಿ ಸೆಕೆಂಡಿಗೆ 70 ಟೆರಾಫ್ಲಾಪ್ ನಡೆಸಿದರೆ 4096 ಟೋಕನ್‌ಗೆ 1.4 ಸೆಕೆಂಡ್. ಎರಡೂ ಸರಿಸಮ. ಸಾಗಾಟ ಮತ್ತು ಲೆಕ್ಕಾಚಾರ ಒಂದರ ಬೆನ್ನಲ್ಲಿ ಒಂದು ಚೆನ್ನಾಗಿ ಅಡಗಿದರೆ ಪರವಾಗಿಲ್ಲ. ಸ್ವಲ್ಪ ತಪ್ಪಿದರೂ ಕಾರ್ಡುಗಳು ಕಾಯುತ್ತಾ ಕೂರುತ್ತವೆ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಎಫ್‌ಎಸ್‌ಡಿಪಿಯಲ್ಲಿ ತಂತಿಯ ಮೇಲೆ ಹೋಗುವುದು ತೂಕ ಮತ್ತು ಗ್ರೇಡಿಯೆಂಟ್. ಅದರ ಗಾತ್ರ ಮಾದರಿಯ ಗಾತ್ರಕ್ಕೆ ಕಟ್ಟುಬಿದ್ದದ್ದು, ಟೋಕನ್‌ಗಳ ಸಂಖ್ಯೆಗೆ ಅಲ್ಲ. ಹಾಗಾಗಿ ಕಾರ್ಡಿಗೆ 4096ರ ಬದಲು 8192 ಟೋಕನ್ ಕೊಟ್ಟರೆ ಲೆಕ್ಕಾಚಾರ 2.8 ಸೆಕೆಂಡಿಗೆ ಏರುತ್ತದೆ, ಸಾಗಾಟ 1.35ರಲ್ಲೇ ನಿಲ್ಲುತ್ತದೆ. ತಂತಿ ನಿಧಾನವಿದ್ದವರಿಗೆ ಇದೇ ದೊಡ್ಡ ಆಸರೆ.

ಆದರೆ 8192 ಟೋಕನ್ ಕೊಡಲು ಹೋದರೆ ಪದಕೋಶದ ಅಂಕಗಳು ಹತ್ತು ಜಿಬಿ ಬೇಡುತ್ತವೆ. ಮೊದಲ ಹೆಜ್ಜೆಯಲ್ಲಿ ಬರೆದುಕೊಂಡ ಆ ಸಾಲು ಕೈಗೆ ಬರುವುದು ಈಗ. ನಷ್ಟದ ಲೆಕ್ಕವನ್ನು ಸಾವಿರ ಟೋಕನ್‌ಗಳ ತುಣುಕುಗಳಾಗಿ ಮಾಡಿ, ಪ್ರತಿ ತುಣುಕನ್ನೂ ಚೆಕ್‌ಪಾಯಿಂಟಿಂಗ್ ಒಳಗೆ ಇಡಿ. ಚೆಕ್‌ಪಾಯಿಂಟಿಂಗ್ ಇಲ್ಲದೆ ತುಣುಕು ಮಾಡಿದರೆ ಎಲ್ಲ ತುಣುಕುಗಳ ಅಂಕಗಳೂ ಹಿಮ್ಮುಖ ಲೆಕ್ಕಕ್ಕಾಗಿ ಉಳಿದುಕೊಂಡು ಏನೂ ಉಳಿತಾಯವಾಗುವುದಿಲ್ಲ. ಸರಿಯಾಗಿ ಮಾಡಿದರೆ ಹತ್ತು ಜಿಬಿ ಒಂದೂವರೆ ಜಿಬಿಯೊಳಗೆ ಇಳಿಯುತ್ತದೆ.

ಉಳಿದ ಜಾಗವನ್ನು ಇನ್ನೊಂದಕ್ಕೂ ಬಳಸಬಹುದು. `fully_shard`ಗೆ `reshard_after_forward=False` ಎಂದು ಕೊಟ್ಟರೆ ಮುಂದೆ ಹೋಗುವಾಗ ಕೂಡಿಸಿದ ತೂಕವನ್ನು ಹಿಂದಿರುಗುವ ತನಕ ಎಸೆಯುವುದಿಲ್ಲ. ಎರಡನೇ ಬಾರಿ ಕೂಡಿಸುವ 4.5 ಜಿಬಿ ಸಾಗಾಟ ಉಳಿಯಿತು. ಬದಲಿಗೆ ಕಾರ್ಡಿನಲ್ಲಿ 6 ಜಿಬಿ ಹೆಚ್ಚು ಹಿಡಿಯುತ್ತದೆ. 12 ಮತ್ತು 6, ಅದರ ಮೇಲೆ ಆಕ್ಟಿವೇಶನ್ ಎರಡು, ತುಣುಕು ನಷ್ಟ ಒಂದೂವರೆ: 21.5 ಜಿಬಿ. ಬಿಗಿಯಾಗಿದ್ದರೂ ಹಿಡಿಯುತ್ತದೆ. ಈ ಗುಂಡಿಯನ್ನು ತಿರುಗಿಸಿ ನೋಡದೆ ಮಾದರಿ ಕತ್ತರಿಸುವ ಕಡೆಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರ್ಡುಗಳು ಕಾಯುತ್ತಿವೆಯೋ ದುಡಿಯುತ್ತಿವೆಯೋ ಎಂದು ತಿಳಿಯಲು `nvidia-smi` ತೋರಿಸುವ ಶೇಕಡಾ ಬಳಕೆಯನ್ನು ನೋಡಬೇಡಿ. ಮಾಹಿತಿಗಾಗಿ ಕಾಯುವ ಕೆಲಸವೂ ಅದರ ಕಣ್ಣಿಗೆ ಕೆಲಸವೇ. ನೂರಕ್ಕೆ ನೂರು ಎಂದು ತೋರಿಸುತ್ತಲೇ ಇರುತ್ತದೆ. ಪಕ್ಕದಲ್ಲಿರುವ ವ್ಯಾಟ್ ಅಂಕಣವನ್ನು ನೋಡಿ. ನಿಜವಾಗಿ ದುಡಿಯುವ ಕಾರ್ಡು ತನ್ನ ಮಿತಿಯ ಹತ್ತಿರ ವಿದ್ಯುತ್ ಎಳೆಯುತ್ತದೆ. ಬಳಕೆ ನೂರು ಎಂದಿದ್ದು ವ್ಯಾಟ್ ಅರ್ಧಕ್ಕೆ ಬಿದ್ದಿದ್ದರೆ ಅದು ತಂತಿಗಾಗಿ ಕಾಯುತ್ತಿದೆ.

ಐದನೇ ಹೆಜ್ಜೆ: ಮಾದರಿಯನ್ನು ಕತ್ತರಿಸುವುದು ಯಾವಾಗ?

ಮಾದರಿ ಕತ್ತರಿಸುವುದು ಹೊಸ ವಿದ್ಯೆಯಲ್ಲ. 2012ರಲ್ಲಿ ಅಲೆಕ್ಸ್‌ನೆಟ್ ತರಬೇತಿಯಾದದ್ದೇ ತಲಾ 3 ಜಿಬಿಯ ಎರಡು ಜಿಟಿಎಕ್ಸ್ 580 ಕಾರ್ಡುಗಳ ಮೇಲೆ, ಮಾದರಿಯನ್ನು ಎರಡು ಭಾಗ ಮಾಡಿ. ಎರಡೂ ಭಾಗಗಳು ಎಲ್ಲ ಪದರಗಳಲ್ಲೂ ಮಾತನಾಡದೆ, ಆಯ್ದ ಕೆಲವು ಪದರಗಳಲ್ಲಿ ಮಾತ್ರ ಮಾತನಾಡುವಂತೆ ಅದನ್ನು ಕಟ್ಟಿದ್ದರು. ಆಗಲೂ ತಂತಿಯೇ ವಿನ್ಯಾಸವನ್ನು ನಿರ್ಧರಿಸಿತ್ತು.

ಕತ್ತರಿಸಲು ಎರಡು ದಾರಿಗಳಿವೆ, ಅವುಗಳ ಗುಣ ಪೂರ್ತಿ ಬೇರೆ. ಟೆನ್ಸರ್ ಪ್ಯಾರಲಲ್‌ನಲ್ಲಿ ಪ್ರತಿ ಪದರದ ಮ್ಯಾಟ್ರಿಕ್ಸನ್ನೇ ನಾಲ್ಕಾಗಿ ಸೀಳಲಾಗುತ್ತದೆ. ನಾಲ್ಕೂ ಕಾರ್ಡುಗಳು ಒಂದೇ ಪಠ್ಯದ ಮೇಲೆ ಕೂಡಿ ಲೆಕ್ಕ ಮಾಡುತ್ತವೆ. ಪ್ರತಿ ಪದರದಲ್ಲೂ ಮುಂದೆ ಹೋಗುವಾಗ ಎರಡು ಬಾರಿ, ಹಿಂದೆ ಬರುವಾಗ ಎರಡು ಬಾರಿ ಫಲಿತಾಂಶ ಕೂಡಿಸಬೇಕು. ನಮ್ಮ 32 ಪದರಗಳಿಗೆ ಕನಿಷ್ಠ 128 ಬಾರಿ. ಒಂದೊಂದು ಬಾರಿಯ ಮೂಲ ಗಾತ್ರ 21 ಎಂಬಿ. ಸುತ್ತು ಸಾಗಾಟ ಸೇರಿ 4096 ಟೋಕನ್‌ಗೆ 4 ಜಿಬಿ. ಎಫ್‌ಎಸ್‌ಡಿಪಿಯ 13.5ಕ್ಕಿಂತ ಕಡಿಮೆ ಎನ್ನಿಸಬಹುದು. ಆದರೆ ಆ 13.5ರಲ್ಲಿ ನಾಲ್ಕು ಕಾರ್ಡುಗಳು ಸೇರಿ 16,384 ಟೋಕನ್ ಮುಗಿಸಿದ್ದವು. ಅಷ್ಟೇ ಟೋಕನ್‌ಗೆ ಇಲ್ಲಿ 16 ಜಿಬಿ ಆಗುತ್ತದೆ. ಸಾಲದ್ದಕ್ಕೆ, ಉತ್ತರ ಬರುವ ತನಕ ಮುಂದಿನ ಲೆಕ್ಕ ಶುರುವಾಗದ ಕಾರಣ ಈ ಸಾಗಾಟವನ್ನು ಲೆಕ್ಕಾಚಾರದ ಹಿಂದೆ ಅಡಗಿಸುವುದು ಕಷ್ಟ. ಎನ್‌ವಿಲಿಂಕ್ ಇಲ್ಲದ ಯಂತ್ರದಲ್ಲಿ ನಾನು ಇದನ್ನು ಯಾರಿಗೂ ಸೂಚಿಸುವುದಿಲ್ಲ. ಒಂದೇ ಪದರ ಒಂದು ಕಾರ್ಡಿನಲ್ಲಿ ಹಿಡಿಯದಷ್ಟು ಮಾದರಿ ದೊಡ್ಡದಾದಾಗ ಮಾತ್ರ ಅದು ಅನಿವಾರ್ಯ.

ಪೈಪ್‌ಲೈನ್ ಪ್ಯಾರಲಲ್ ಇದಕ್ಕೆ ತದ್ವಿರುದ್ಧ. ಮೊದಲ ಎಂಟು ಪದರ ಒಂದು ಕಾರ್ಡಿಗೆ, ಮುಂದಿನ ಎಂಟು ಇನ್ನೊಂದಕ್ಕೆ, ಹೀಗೆ. ತಂತಿಯ ಮೇಲೆ ಹೋಗುವುದು ಗಡಿಯಲ್ಲಿನ ಆಕ್ಟಿವೇಶನ್ ಮಾತ್ರ: 4096 ಟೋಕನ್‌ಗೆ 21 ಎಂಬಿ ಮುಂದಕ್ಕೆ, ಅಷ್ಟೇ ಗ್ರೇಡಿಯೆಂಟ್ ಹಿಂದಕ್ಕೆ. ಇಲ್ಲಿ ಖರ್ಚು ತಂತಿಯದ್ದಲ್ಲ, ಕಾಯುವಿಕೆಯದ್ದು. ಒಂದೇ ಕಂತಿನಲ್ಲಿ ಕೆಲಸ ಕೊಟ್ಟರೆ ಮೊದಲ ಕಾರ್ಡು ದುಡಿಯುವಾಗ ಉಳಿದ ಮೂರು ಸುಮ್ಮನಿರುತ್ತವೆ. ಬ್ಯಾಚನ್ನು ಸಣ್ಣ ಕಂತುಗಳಾಗಿ ಒಡೆದು ಕೊಟ್ಟರೆ ಎಲ್ಲರಿಗೂ ಕೆಲಸ ಸಿಗುತ್ತದೆ. ವ್ಯರ್ಥವಾಗುವ ಪಾಲು, ಹಂತಗಳು p ಮತ್ತು ಕಂತುಗಳು m ಆದರೆ:

```
(p - 1) / (m + p - 1)
```

ನಾಲ್ಕು ಹಂತಕ್ಕೆ ಒಂದು ಕಂತು ಕೊಟ್ಟರೆ ಶೇ. 75 ವ್ಯರ್ಥ, ನಾಲ್ಕು ಕಂತಿಗೆ ಶೇ. 43, ಹದಿನಾರಕ್ಕೆ ಶೇ. 16. ಹಂತಗಳ ಭಾರ ಸಮನಾಗಿದ್ದರೆ ಮಾತ್ರ ಈ ಸೂತ್ರ ನಿಜ. ನಮ್ಮ ಮಾದರಿಯ ಕೊನೆಯ ಹಂತದಲ್ಲಿ ದೊಡ್ಡ ಪದಕೋಶದ ಪದರವೂ ಇರುವುದರಿಂದ ಎಂಟೆಂಟು ಎಂದು ಹಂಚಿದರೆ ಕೊನೆಯ ಕಾರ್ಡು ಎಲ್ಲರನ್ನೂ ಕಾಯಿಸುತ್ತದೆ. ಅದಕ್ಕೆ ಎರಡು ಮೂರು ಪದರ ಕಡಿಮೆ ಕೊಡಬೇಕು. ನಾಲ್ಕೂ ಕಾರ್ಡುಗಳ ವ್ಯಾಟ್ ನೋಡಿದರೆ ಯಾರು ಕಾಯುತ್ತಿದ್ದಾರೆ, ಯಾರು ಕಾಯಿಸುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಪೈಪ್‌ಲೈನಿಗೆ ಸರಿಯಾದ ಜಾಗ ಯಾವುದು? ತಂಡಕ್ಕೆ ಇಂಥದೇ ಎರಡನೇ ಯಂತ್ರ ಬಂತು, ಅದು ಪಕ್ಕದ ಕೋಣೆಯಲ್ಲಿದೆ, ನಡುವೆ ಕಚೇರಿಯ ಸಾಮಾನ್ಯ ಒಂದು ಗಿಗಾಬಿಟ್ ಕೇಬಲ್ ಎಂದುಕೊಳ್ಳಿ. ಆ ಕೇಬಲ್ ಸೆಕೆಂಡಿಗೆ 0.12 ಜಿಬಿ ಒಯ್ಯುತ್ತದೆ. ಎಂಟು ಕಾರ್ಡುಗಳ ಮೇಲೂ ಒಂದೇ ಎಫ್‌ಎಸ್‌ಡಿಪಿ ಹರಡಿದರೆ ಹೆಜ್ಜೆಯೊಂದಕ್ಕೆ ನಿಮಿಷಗಳೇ ಬೇಕು. ಪಾಲು ಮಾಡುವುದನ್ನು ಆಯಾ ಯಂತ್ರದ ಒಳಗೇ ಇಟ್ಟು ಯಂತ್ರಗಳ ನಡುವೆ ಗ್ರೇಡಿಯೆಂಟ್ ಮಾತ್ರ ಕಳಿಸಿದರೂ 6 ಜಿಬಿ ಹೋಗಬೇಕು, 50 ಸೆಕೆಂಡ್. ಪೈಪ್‌ಲೈನಿನ 21 ಎಂಬಿ ಅದೇ ಕೇಬಲ್‌ನಲ್ಲಿ 0.17 ಸೆಕೆಂಡಿನಲ್ಲಿ ದಾಟುತ್ತದೆ. ಯಂತ್ರದೊಳಗೆ ದತ್ತಾಂಶ ಹಂಚಿ, ಯಂತ್ರಗಳ ನಡುವೆ ಪದರ ಹಂಚುವ ಜೋಡಿ ಏರ್ಪಾಡು ಇಲ್ಲಿ ಸಹಜವಾಗಿ ಹೊಂದುತ್ತದೆ. ಆದರೆ ಒಂದು ಯಂತ್ರದ ನಾಲ್ಕು ಕಾರ್ಡುಗಳೂ ಒಂದೇ ಕೇಬಲ್ ಹಂಚಿಕೊಳ್ಳುವುದರಿಂದ ಆ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿಕೊಳ್ಳಿ.

ಮಣಿಪಾಲದ ಗೆಳೆಯರ ಯಂತ್ರವನ್ನೂ ಸೇರಿಸಿಕೊಳ್ಳಬಹುದೇ ಎಂಬ ಆಸೆ ಇಂಥ ತಂಡಗಳಲ್ಲಿ ಬಂದೇ ಬರುತ್ತದೆ. 100 ಮೆಗಾಬಿಟ್ ಅಂತರಜಾಲದಲ್ಲಿ ಎಫ್‌ಎಸ್‌ಡಿಪಿಯ 13.5 ಜಿಬಿಗೆ ಹದಿನೆಂಟು ನಿಮಿಷ, ಪೈಪ್‌ಲೈನಿನ 21 ಎಂಬಿಗೂ ಸುಮಾರು ಒಂದೂಮುಕ್ಕಾಲು ಸೆಕೆಂಡ್. ಸಂಪರ್ಕ ಒಮ್ಮೆ ತಪ್ಪಿದರೆ ಎರಡೂ ಕಡೆ ಕೆಲಸ ನಿಲ್ಲುತ್ತದೆ. ಆ ಯಂತ್ರಕ್ಕೆ ಪಠ್ಯ ಶುದ್ಧೀಕರಣ, ಮೌಲ್ಯಮಾಪನದಂಥ ಬೇರೆ ಕೆಲಸ ಕೊಡುವುದು ಎಷ್ಟೋ ಮೇಲು.

ಆರನೇ ಹೆಜ್ಜೆ: ಸರಿಯಾಗಿ ಹಂಚಿದೆಯೇ ಎಂಬ ಪರೀಕ್ಷೆ

ಹಂಚಿಕೆಯ ತಪ್ಪುಗಳು ಹೆಚ್ಚಾಗಿ ದೋಷ ಸಂದೇಶ ಕೊಡುವುದಿಲ್ಲ, ಅದೇ ಅವುಗಳ ಅಪಾಯ. ಡೇಟಾ ಪ್ಯಾರಲಲ್‌ನಲ್ಲಿ ನಾಲ್ಕೂ ಕಾರ್ಡುಗಳು ಬೇರೆ ಬೇರೆ ಪಠ್ಯ ಓದಬೇಕು. ಹಂಚುವ ಸಾಲು ಮರೆತರೆ ಎಲ್ಲವೂ ಒಂದೇ ಪಠ್ಯ ಓದುತ್ತವೆ. ನಷ್ಟದ ಗೆರೆ ಇಳಿಯುತ್ತಲೇ ಇರುತ್ತದೆ, ಆದರೆ ನೀವು ನಾಲ್ಕು ಕಾರ್ಡಿನ ವಿದ್ಯುತ್ ಸುಟ್ಟು ಒಂದು ಕಾರ್ಡಿನ ಕೆಲಸ ಮಾಡಿಸುತ್ತಿರುತ್ತೀರಿ. ಟೆನ್ಸರ್ ಪ್ಯಾರಲಲ್‌ನಲ್ಲಿ ನಿಯಮ ತಿರುಗುಮುರುಗು: ಒಂದು ಗುಂಪಿನ ಎಲ್ಲ ಕಾರ್ಡುಗಳೂ ಒಂದೇ ಪಠ್ಯವನ್ನೇ ಓದಬೇಕು, ಇಲ್ಲದಿದ್ದರೆ ಬೇರೆ ಬೇರೆ ವಾಕ್ಯಗಳ ತುಣುಕುಗಳು ಕೂಡಿ ಅರ್ಥವಿಲ್ಲದ ಮೊತ್ತ ಬರುತ್ತದೆ. ಎರಡಕ್ಕೂ ಪರೀಕ್ಷೆ ಒಂದೇ. ಮೊದಲ ಹೆಜ್ಜೆಯಲ್ಲಿ ಪ್ರತಿ ಕಾರ್ಡೂ ತನ್ನ ಮೊದಲ ಹತ್ತು ಟೋಕನ್ ಮುದ್ರಿಸಲಿ. ಕಣ್ಣಿನಿಂದ ಹೋಲಿಸಿ.

ಇದರ ನಂತರ ಒಂದೇ ಕಾರ್ಡಿನಲ್ಲಿ ಹಿಡಿಯುವಂಥ ಹತ್ತು ಕೋಟಿ ನಿಯತಾಂಕಗಳ ಪುಟ್ಟ ಮಾದರಿಯನ್ನು ಅದೇ ಕೋಡಿನಿಂದ ಕಟ್ಟಿ. ಒಂದು ಕಾರ್ಡಿನಲ್ಲೊಮ್ಮೆ, ನಾಲ್ಕು ಕಾರ್ಡಿನಲ್ಲೊಮ್ಮೆ, ಒಟ್ಟು ಬ್ಯಾಚ್ ಮತ್ತು ಪಠ್ಯದ ಕ್ರಮ ಒಂದೇ ಇಟ್ಟು ಐವತ್ತು ಹೆಜ್ಜೆ ಓಡಿಸಿ. ಎರಡೂ ನಷ್ಟದ ಗೆರೆಗಳು ಒಂದರ ಮೇಲೊಂದು ಕೂರಬೇಕು. ದಶಮಾಂಶದ ಮೂರನೇ ಸ್ಥಾನದ ಆಚೀಚೆ ಸಹಜ. ಮೊದಲ ಹೆಜ್ಜೆಯಿಂದಲೇ ಬೇರೆಯಾದರೆ ಸರಾಸರಿ ತೆಗೆಯುವಲ್ಲಿ ಅಥವಾ ಮಾದರಿಯ ಆರಂಭಿಕ ಮೌಲ್ಯಗಳಲ್ಲಿ ತಪ್ಪಿದೆ.

ಕರಾವಳಿಯಲ್ಲಿ ಮರೆಯಬಾರದ ಹೆಜ್ಜೆ

ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ, ಅದಕ್ಕೂ ಮೊದಲಿನ ಸಿಡಿಲು, ಇವುಗಳ ನಡುವೆ ವಾರಗಟ್ಟಲೆ ತರಬೇತಿ ನಡೆಸುವವರು ಸ್ಥಿತಿಯನ್ನು ಆಗಾಗ ಉಳಿಸಲೇಬೇಕು. ಉಳಿಸಬೇಕಾದದ್ದು 6 ಜಿಬಿಯಲ್ಲ: ಪೂರ್ಣ ನಿಖರತೆಯ ತೂಕ ಮತ್ತು ಆಡಮ್‌ನ ಎರಡೂ ಸರಾಸರಿಗಳು ಸೇರಿ 36 ಜಿಬಿ. ಎಲ್ಲವನ್ನೂ ಒಂದು ಕಾರ್ಡಿಗೆ ತಂದು ಬರೆಯಲು ಹೋದರೆ ಅಲ್ಲಿಯೇ ಸ್ಮೃತಿ ತುಂಬಿ ತರಬೇತಿ ಸಾಯುತ್ತದೆ. `torch.distributed.checkpoint` ಬಳಸಿ ಪ್ರತಿ ಕಾರ್ಡೂ ತನ್ನ 9 ಜಿಬಿಯನ್ನು ತಾನೇ ಬರೆಯಲಿ. ಹೀಗೆ ಬರೆದದ್ದನ್ನು ಮುಂದೆ ಎರಡು ಕಾರ್ಡಿನ ಅಥವಾ ಎಂಟು ಕಾರ್ಡಿನ ಯಂತ್ರದಲ್ಲೂ ತೆರೆಯಬಹುದು, ಪಾಲುಗಳನ್ನು ಅದೇ ಮರುಹೊಂದಿಸುತ್ತದೆ. ಹೊಸದನ್ನು ಬೇರೆ ಹೆಸರಿನ ಕಡತಕೋಶಕ್ಕೆ ಬರೆದು, ಪೂರ್ತಿಯಾದ ಮೇಲೆಯೇ ಹಳೆಯದನ್ನು ಅಳಿಸಿ. ಬರೆಯುವ ನಡುವೆಯೇ ವಿದ್ಯುತ್ ಹೋದರೆ ಕೈಯಲ್ಲಿ ಒಂದಾದರೂ ಇಡಿಯಾದ ಪ್ರತಿ ಇರಬೇಕು. ಯುಪಿಎಸ್ ಕೊಳ್ಳುವಾಗ ನಾಲ್ಕೂ ಕಾರ್ಡುಗಳ ಗರಿಷ್ಠ ವ್ಯಾಟ್ ಕೂಡಿಸಿ, ಆ ಭಾರದಲ್ಲಿ ಒಮ್ಮೆ ಉಳಿಸಿ ಮುಗಿಸುವಷ್ಟು ನಿಮಿಷ ತಡೆಯುತ್ತದೆಯೇ ಎಂದು ಪ್ಲಗ್ ಕಿತ್ತು ನೋಡಿ, ಮಳೆ ಹಿಡಿಯುವ ಮೊದಲೇ.